ಸಹಾಯ ಬೇಕು: ಕೊಲೊನೋಸ್ಕೋಪಿ ಕರಪತ್ರದಲ್ಲಿ ಎರಡನೇ ಡೋಸಿನ ಸಮಯ

ರೋಗಿಗಳಿಗೆ ಕೊಡುವ ಕೊಲೊನೋಸ್ಕೋಪಿ ಕರಪತ್ರವನ್ನು ತಿದ್ದುತ್ತಿದ್ದೇನೆ. ಕರುಳು ಖಾಲಿ ಮಾಡುವ ಭೇದಿ ಔಷಧವನ್ನೆಲ್ಲ ಹಿಂದಿನ ರಾತ್ರಿಯೇ ಮುಗಿಸಿ ಎಂದು ಹಳೆಯದರಲ್ಲಿದೆ. ಹಾಗೆ ಮಾಡಿದರೆ ಬೆಳಗಾಗುವಷ್ಟರಲ್ಲಿ ಸಣ್ಣ ಕರುಳಿನಿಂದ ಇಳಿದ ಅಂಟುದ್ರವ ದೊಡ್ಡ ಕರುಳಿನ ಬಲಭಾಗವನ್ನು ಮುಚ್ಚುತ್ತದೆ. ಚಪ್ಪಟೆ ಪಾಲಿಪ್‌ಗಳು ಕಣ್ತಪ್ಪುತ್ತವೆ. ಆದ್ದರಿಂದ ಅರ್ಧ ಔಷಧ ಹಿಂದಿನ ಸಂಜೆಗೆ. ಉಳಿದರ್ಧವನ್ನು ಪರೀಕ್ಷೆಗೆ 4ರಿಂದ 6 ಗಂಟೆ ಮುಂಚೆ ಆರಂಭಿಸಿ, ಕನಿಷ್ಠ 2 ಗಂಟೆ ಮುಂಚೆ ಮುಗಿಸಬೇಕು.

ಬೆಳಿಗ್ಗೆ 8ಕ್ಕೆ ಪರೀಕ್ಷೆಯಿದ್ದರೆ 3ಕ್ಕೆ ಎದ್ದು ಕುಡಿಯಬೇಕು. ಹಿಂದಿನ ದಿನ ನಾರೂ ಬೀಜವೂ ಇಲ್ಲದ ಹಗುರ ಊಟ, ಸಂಜೆಯಿಂದ ತಿಳಿ ದ್ರವ ಮಾತ್ರ ಎಂಬುದು ಯಾರಿಗಾದರೂ ಅರ್ಥವಾಗುತ್ತದೆ. ನಡುರಾತ್ರಿ ಏಳುವುದನ್ನು ಮಾತ್ರ ಅನೇಕರು ತಪ್ಪಿಸುತ್ತಾರೆ, ನಿದ್ದೆ ಯಾರಿಗೆ ಬೇಡ! ಮಲ ತಿಳಿಹಳದಿ ನೀರಿನಂತಾಗದೆ ಕಂದಾಗಿಯೇ ಇದ್ದರೆ ಸಿದ್ಧತೆ ಸಾಲದು.

ಗಂಟೆಗಳನ್ನು ಕಳೆಯುವ ಲೆಕ್ಕ ರೋಗಿಗೆ ಬೀಳದಂತೆ ಖಾಲಿ ಜಾಗ ಬಿಟ್ಟು ಸಿಬ್ಬಂದಿಯೇ ಸಮಯ ತುಂಬಬೇಕೆ, ಬೇರೆ ಬೇರೆ ಹೊತ್ತಿನ ಪರೀಕ್ಷೆಗೆ ಪ್ರತ್ಯೇಕ ಹಾಳೆ ಮುದ್ರಿಸಬೇಕೆ? ಈ ಪರೀಕ್ಷೆ ಮಾಡಿಸಿಕೊಂಡವರು, ದಾದಿಯರು ದಯವಿಟ್ಟು ತಿಳಿಸಿ.