ದಿನವೂ ತೊಡುವ ಹರಳಿನುಂಗುರ: 22 ಕ್ಯಾರೆಟ್ಟೋ 18 ಕ್ಯಾರೆಟ್ಟೋ?

ಕೇಳಿದವರು, ಶಿಡ್ಲಘಟ್ಟ: ಅಜ್ಜಿಯ 22 ಕ್ಯಾರೆಟ್ ಉಂಗುರವನ್ನು ಕರಗಿಸಿ, ಅದರದೇ ಕೆಂಪು ಹರಳನ್ನಿಟ್ಟು ದಿನವೂ ತೊಡುವಂತೆ ಹೊಸದಾಗಿ ಮಾಡಿಸಬೇಕೆಂದಿದ್ದೇನೆ. ಹರಳು ಬಿಟ್ಟು 4 ಗ್ರಾಂ ಚಿನ್ನವಿದೆ. ನಮ್ಮದು ರೇಷ್ಮೆ ನೂಲು ಬಿಚ್ಚುವ ಘಟಕ, ಕೈ ಸದಾ ಬಿಸಿನೀರಿನಲ್ಲಿರುತ್ತದೆ. ಅಂಗಡಿಯವರು "22ರಲ್ಲಿ ಹರಳು ನಿಲ್ಲುವುದಿಲ್ಲ, 18 ಮಾಡಿಸಿ" ಎನ್ನುತ್ತಾರೆ. ಬಣ್ಣ ಮಂಕಾಗುತ್ತದೆಂದು ಅತ್ತೆಯವರು ಒಪ್ಪುತ್ತಿಲ್ಲ. ತೊಟ್ಟು ಅನುಭವವಿದ್ದವರು ತಿಳಿಸಿ.

ಚಿಂತಾಮಣಿಯ ಗೃಹಿಣಿ: ನಿಮ್ಮ ಅತ್ತೆಯವರ ಮಾತೇ ಸರಿ. 18 ಕ್ಯಾರೆಟ್ಟಿನಲ್ಲಿ ಕಾಲು ಭಾಗ ಬೇರೆ ಲೋಹವೇ ಇರುತ್ತದೆ, ಬೆವರು ಸೋಪು ತಗುಲಿದರೆ ಕಪ್ಪಾಗುತ್ತದೆ. ನನ್ನ ತಂಗಿ ಕೊಂಡಿದ್ದ 18ರ ಓಲೆಯನ್ನು ನಮ್ಮೂರಿನ ಎರಡು ಅಂಗಡಿಗಳಲ್ಲಿ ಮರಳಿ ತೆಗೆದುಕೊಳ್ಳಲು ಒಪ್ಪಲಿಲ್ಲ. ಕಷ್ಟಕಾಲಕ್ಕೆ ಆಗದಿದ್ದರೆ ಅದನ್ನು ಚಿನ್ನವೆಂದು ಹೇಗೆ ಕರೆಯುವುದು?

ತುಮಕೂರಿನ ಅಕ್ಕಸಾಲಿಗರು: ಮೂವತ್ತು ವರ್ಷಗಳಿಂದ ಹರಳು ಕೂರಿಸುವ ಕೆಲಸದಲ್ಲಿರುವವನಾಗಿ ಹೇಳುತ್ತೇನೆ, ತಾಯಿ. ಅಂಗಡಿಯವರು ವಿಷಯದ ಅರ್ಧವನ್ನು ಮಾತ್ರ ಹೇಳಿದ್ದಾರೆ. ಹರಳು ನಿಲ್ಲುವುದೋ ಬೀಳುವುದೋ ಎಂಬುದು ಚಿನ್ನದ ಗಟ್ಟಿತನದ ಜೊತೆಗೆ ಅದನ್ನು ಹಿಡಿದಿರುವ ಕಟ್ಟನ್ನೂ ಅವಲಂಬಿಸಿದೆ. ನಾಲ್ಕು ಸಣ್ಣ ಕಡ್ಡಿಗಳು ಮೇಲೆದ್ದು ಹರಳಿನ ಅಂಚನ್ನು ಕಚ್ಚಿ ಹಿಡಿಯುವ ಓಪನ್ ಸೆಟ್ಟಿಂಗ್‌ ಆದರೆ 22 ನಿಜಕ್ಕೂ ಮೆದುವಾಗುತ್ತದೆ. ಆ ಕಡ್ಡಿಯ ತುದಿ ಬಟ್ಟೆಗೆ ಒಮ್ಮೆ ಸಿಕ್ಕಿ ಕೂದಲೆಳೆಯಷ್ಟು ಎದ್ದರೆ ಸಾಕು, ಮರುದಿನ ಇನ್ನಷ್ಟು ಏಳುತ್ತದೆ, ಮತ್ತೆ ಒತ್ತಿ ಕೂರಿಸಿದಷ್ಟೂ ಬುಡದಲ್ಲಿ ದಣಿಯುತ್ತದೆ. 18ರಲ್ಲಿ ಬೆರೆಸಿದ ಬೆಳ್ಳಿ ತಾಮ್ರದ ಪ್ರಮಾಣ ಹೆಚ್ಚಾದ್ದರಿಂದ ಅದೇ ದಪ್ಪದ ಕಡ್ಡಿ ಅಷ್ಟು ಸುಲಭವಾಗಿ ಮಣಿಯುವುದಿಲ್ಲ.

ಹರಳಿನ ಸುತ್ತ ಗೋಡೆಯಂತೆ ಪಟ್ಟಿಯೆಬ್ಬಿಸಿ, ಅದರ ಅಂಚನ್ನು ಹರಳಿನ ಮೇಲೆ ಒತ್ತಿ ಮಡಿಸುವ ಕಟ್ಟಿನಲ್ಲಿ ಮಾತ್ರ 22 ಚೆನ್ನಾಗಿಯೇ ನಿಲ್ಲುತ್ತದೆ, ಏಕೆಂದರೆ ಮೆದುವಾದ ಚಿನ್ನ ಹರಳಿನ ಅಂಚಿಗೆ ಎಲ್ಲೆಡೆ ಅಂಟಿದಂತೆ ಕೂರುತ್ತದೆ. ನಮ್ಮ ಕಡೆಯ ಹಳೆಯ ಕೆಂಪಿನ ಉಂಗುರಗಳೆಲ್ಲ ಹೀಗೇ ಇರುತ್ತವೆ. ನಿಮ್ಮ ಅಜ್ಜಿಯದೂ ಹಾಗಿದೆಯೇ ನೋಡಿ. ಇದರಲ್ಲೂ ತೊಂದರೆಯಿದೆ: ಹಿಂಭಾಗ ಮುಚ್ಚಿದ್ದರೆ ಹೊಳಪಿಗಾಗಿ ಹರಳಿನ ಕೆಳಗೆ ತೆಳುವಾದ ರೇಕು ಇಟ್ಟಿರುತ್ತಾರೆ. ದಿನವಿಡೀ ನೀರಿನಲ್ಲಿರುವ ಕೈಯಲ್ಲಿ ಅಂಚಿನಿಂದ ತೇವ ಒಳಗಿಳಿದು ರೇಕು ಕಂದಿ, ಹರಳೇ ಸತ್ತಂತೆ ಕಾಣತೊಡಗುತ್ತದೆ. ನಿಮ್ಮ ಕೆಲಸಕ್ಕೆ ಸುತ್ತ ಪಟ್ಟಿ, ಹಿಂದೆ ತೆರೆದ ಕಿಂಡಿ ಇರುವಂತೆ ಮಾಡಿಸಿ. ಸೋಪಿನ ಕೊಳೆ ಕೂತರೂ ಮೆದು ಬ್ರಷ್ಷಿನಿಂದ ತೆಗೆಯಬಹುದು.

ಬಂಗಾರಪೇಟೆಯ ಶಿಕ್ಷಕಿ: ನನ್ನದೂ ಇದೇ ಪ್ರಶ್ನೆ. 22 ಕ್ಯಾರೆಟ್ಟಿನ ಮಾಂಗಲ್ಯದ ಸರವನ್ನು ಹನ್ನೆರಡು ವರ್ಷ ತೊಟ್ಟೆ. ಕೊಂಡಿಗೆ ಕೊಂಡಿ ಉಜ್ಜುವ ಜಾಗದಲ್ಲೇ ಸವೆದು, ಒಂದು ಕೊಂಡಿಯ ಒಳಬದಿ ದಾರದಷ್ಟು ತೆಳ್ಳಗಾಗಿ, ತಲೆಗೆ ನೀರು ಹಾಕಿಕೊಳ್ಳುವಾಗ ಕಡಿಯಿತು. ಸರವನ್ನು 18ರಲ್ಲಿ ಮಾಡಿಸಿದರೆ ಮಾಂಗಲ್ಯಕ್ಕೆ ಆಗುತ್ತದೆಯೇ?

ತುಮಕೂರಿನ ಅಕ್ಕಸಾಲಿಗರು: ಮೇಡಂ, ಅವರು ಕೇಳಿದ್ದು ಹರಳಿನುಂಗುರದ ಬಗ್ಗೆ, ಆದರೂ ಸವೆತದ ಕಾರಣ ಒಂದೇ. ಆಗುತ್ತದೆಯೇ ಎಂಬುದು ಮನೆಯ ಹಿರಿಯರ ಮಾತು, ನಾನು ಹೇಳಲಾರೆ. ಸವೆತಕ್ಕೆ ಮಾತ್ರ 22ರಲ್ಲೇ ಕೊಂಡಿಯ ತಂತಿಯನ್ನು ದಪ್ಪ ಮಾಡಿಸಿ, ವರ್ಷಕ್ಕೊಮ್ಮೆ ಕೊಂಡಿಗಳನ್ನು ಬಿಡಿಸಿ ನೋಡಿಸಿದರೆ ಸಾಕು.

ಕೋಲಾರದ ಚಿನ್ನದ ಮೌಲ್ಯಮಾಪಕರು: ಬ್ಯಾಂಕಿನ ಚಿನ್ನದ ಸಾಲಕ್ಕೆ ಆಭರಣ ಪರೀಕ್ಷಿಸುವ ಕೆಲಸ ನನ್ನದು, ಆದ್ದರಿಂದ ಚಿಂತಾಮಣಿಯ ಸಹೋದರಿಗೆ ಉತ್ತರ ಹೇಳಬೇಕೆನಿಸಿತು. ಸಣ್ಣ ಅಂಗಡಿಗಳಲ್ಲಿ ಕೆಲವರು 18ನ್ನು ಮರಳಿ ಕೊಳ್ಳಲು ಹಿಂಜರಿಯುವುದು ನಿಜ, ಆದರೆ ಅದು ಅವರ ವ್ಯಾಪಾರದ ಅನುಕೂಲ. ಬ್ಯಾಂಕಿನಲ್ಲಿ 18ಕ್ಕೆ ಅದರಲ್ಲಿರುವ ಚಿನ್ನದ ಪ್ರಮಾಣಕ್ಕೆ ತಕ್ಕಂತೆ ಬೆಲೆ ಕಟ್ಟುತ್ತೇವೆ, ತಿರಸ್ಕರಿಸುವುದಿಲ್ಲ. 18ರ ಮೈ ಸ್ವಲ್ಪ ಮಂಕಾಗಬಹುದು, ಆದರೆ ಒರೆಸಿದರೆ ಹೋಗುತ್ತದೆ.

ಕೇಳಿದವರು ಲೆಕ್ಕವನ್ನು ಗಮನಿಸಬೇಕು. 22 ಎಂದರೆ ಸಾವಿರಕ್ಕೆ 916 ಪಾಲು ಚಿನ್ನ, 18 ಎಂದರೆ 750. ನಿಮ್ಮ 4 ಗ್ರಾಂನಲ್ಲಿ ಶುದ್ಧ ಚಿನ್ನ ಸುಮಾರು 3.66 ಗ್ರಾಂ. ಹೊಸ 18ರ ಉಂಗುರ 4 ಗ್ರಾಂ ಬಂದರೆ ಅದರಲ್ಲಿರುವುದು 3 ಗ್ರಾಂ, ಆದ್ದರಿಂದ ಉಳಿದ 0.66 ಗ್ರಾಂ ಶುದ್ಧ ಚಿನ್ನದ ಬೆಲೆ ನಿಮ್ಮ ಲೆಕ್ಕಕ್ಕೆ ಜಮೆಯಾಗಬೇಕು. "ನಾಲ್ಕಕ್ಕೆ ನಾಲ್ಕು ಕೊಟ್ಟಿದ್ದೇವೆ, ಮಜೂರಿ ಮಾತ್ರ ಕೊಡಿ" ಎಂದರೆ ಒಪ್ಪಬೇಡಿ. 18 ಹಗುರ, ಅದೇ ಅಳತೆಯ ಉಂಗುರ 18ರಲ್ಲಿ ಮೂರೂವರೆ ಗ್ರಾಂ ಆಸುಪಾಸಿಗೇ ಮುಗಿಯುತ್ತದೆ, ಹಾಗಾದರೆ ಬರಬೇಕಾದದ್ದು ಇನ್ನೂ ಹೆಚ್ಚು. ಇನ್ನೊಂದು ಕಡೆ, ಹಳೆಯ ಉಂಗುರದ ಬೆಸುಗೆಯಲ್ಲಿ ಕಡಿಮೆ ದರ್ಜೆಯ ಚಿನ್ನವಿರುವುದರಿಂದ ಕರಗಿಸಿದಾಗ 916 ಬಾರದೇ ಹೋಗಬಹುದು. ಹರಳು ತೆಗೆಸಿ ತೂಗಿಸಿ, ಕರಗಿಸಿದ ಗಟ್ಟಿಯನ್ನು ನಿಮ್ಮೆದುರಿನಲ್ಲೇ ಯಂತ್ರದಲ್ಲಿಟ್ಟು ಬಂದ ಅಂಕಿಯ ಮೇಲೆ ಲೆಕ್ಕ ಮಾಡಿಸಿ.

ಹೊಸದರ ಒಳಬದಿಯಲ್ಲಿ ಬಿಐಎಸ್ ಗುರುತು, 22K916 ಅಥವಾ 18K750, ಆರು ಅಕ್ಷರ-ಅಂಕಿಗಳ HUID ಇರಬೇಕು. ಆ ಸಂಖ್ಯೆಯನ್ನು ಫೋನಿನ BIS Care ಆ್ಯಪ್‌ನಲ್ಲಿ ಹಾಕಿ ನೋಡಬಹುದು.

ಚಿಂತಾಮಣಿಯ ಗೃಹಿಣಿ: ಮುದ್ರೆಯ ಮಾತು ಒಪ್ಪುತ್ತೇನೆ, ತಂಗಿಯ ಓಲೆಯಲ್ಲಿ ಅದಿರಲಿಲ್ಲ. ಆದರೆ ಬಣ್ಣದ ಮಾತು? ಕೈಯಲ್ಲಿ 22ರ ಬಳೆ, ಪಕ್ಕದಲ್ಲಿ ಬಿಳಿಚಿದ ಉಂಗುರ ಎಂದರೆ ನನ್ನ ಕಣ್ಣಿಗೆ ಒಪ್ಪುವುದಿಲ್ಲ.

ತುಮಕೂರಿನ ಅಕ್ಕಸಾಲಿಗರು: ಅದನ್ನು ಅಲ್ಲಗಳೆಯುವಂತಿಲ್ಲ. ಬೆಳ್ಳಿ ತಾಮ್ರವನ್ನು ಹದವಾಗಿ ಬೆರೆಸಿದ 18 ಒಂಟಿಯಾಗಿ ನೋಡಿದರೆ ಹಳದಿಯೇ, ಆದರೆ 22ರ ಪಕ್ಕ ಇಟ್ಟ ಕೂಡಲೇ ತೆಳುವಾಗಿ ಕಾಣುತ್ತದೆ. ತಾಮ್ರ ಹೆಚ್ಚಿಸಿದರೆ ಕೆಂಪಿಗೆ ತಿರುಗುತ್ತದೆ. ಕೆಲವರು 18ಕ್ಕೆ ಮೇಲೆ ಚಿನ್ನದ ಲೇಪ ಕೊಟ್ಟು 22ರ ಬಣ್ಣ ತರುತ್ತಾರೆ, ಅಂಗೈ ಕಡೆಯ ಭಾಗದಲ್ಲಿ ಲೇಪ ಕೆಲವೇ ತಿಂಗಳಲ್ಲಿ ಸವೆದು ಎರಡು ಬಣ್ಣ ಎದ್ದು ಕಾಣುತ್ತದೆ. ಕೊಳ್ಳುವ ಮೊದಲೇ ಲೇಪವಿದೆಯೇ ಎಂದು ಕೇಳಿ, ನಿಮ್ಮ ಬಳೆಯ ಪಕ್ಕ ಹಗಲು ಬೆಳಕಿನಲ್ಲಿ ಇಟ್ಟು ನೋಡಿ.

ಕೇಳಿದವರು, ಶಿಡ್ಲಘಟ್ಟ: ಅಜ್ಜಿಯ ಉಂಗುರವನ್ನು ಈಗ ತಿರುಗಿಸಿ ನೋಡಿದೆ. ಸುತ್ತಲೂ ಪಟ್ಟಿಯಿದೆ, ಹಿಂದೆ ಮುಚ್ಚಿದೆ, ಹರಳಿನ ಒಂದು ಮೂಲೆಯಲ್ಲಿ ಕಪ್ಪು ನೆರಳು ಕಾಣುತ್ತದೆ. 22ರಲ್ಲೇ ಪಟ್ಟಿ ಕಟ್ಟು, ಹಿಂದೆ ಕಿಂಡಿ ಎಂದು ಅತ್ತೆಯವರೂ ನಾನೂ ಒಪ್ಪಿದ್ದೇವೆ. ಹರಳು ಸಡಿಲವಾಗುತ್ತಿದ್ದರೆ ಮುಂಚೆಯೇ ತಿಳಿಯುವುದು ಹೇಗೆ?

ತುಮಕೂರಿನ ಅಕ್ಕಸಾಲಿಗರು: ಆ ನೆರಳು ಬಹುಶಃ ರೇಕಿಗೆ ನೀರಿಳಿದದ್ದು, ಹರಳು ಬಿಡಿಸಿದಾಗ ಗೊತ್ತಾಗುತ್ತದೆ. ಬಿಡಿಸುವವರಿಗೆ ಅಂಚು ಒಡೆಯದಂತೆ ಎಚ್ಚರ ಹೇಳಿ, ಬೆಸುಗೆಯ ಕೆಲಸವೆಲ್ಲ ಮುಗಿದ ಮೇಲೆಯೇ ಹರಳು ಕೂರಿಸಲಿ. ಸಡಿಲ ತಿಳಿಯಲು ತಿಂಗಳಿಗೊಮ್ಮೆ ಉಂಗುರವನ್ನು ಕಿವಿಯ ಬಳಿ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ, ಒಳಗಿನಿಂದ ಟಿಕ್ ಎಂಬ ಸಣ್ಣ ಸದ್ದು ಬಂದರೆ ಅಂದೇ ಕಳಚಿಡಿ. ಇನ್ನೊಂದು ಪರೀಕ್ಷೆ ನಿಮ್ಮ ಮನೆಯಲ್ಲೇ ಇದೆ: ಒಂದೆಳೆ ರೇಷ್ಮೆಯನ್ನು ಹರಳಿನ ಅಂಚಿನ ಸುತ್ತ ಎಳೆಯಿರಿ. ಅದು ಎಲ್ಲಿ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಪಟ್ಟಿ ಎದ್ದಿದೆ.

ಚಿಕ್ಕಬಳ್ಳಾಪುರದಿಂದ ಒಬ್ಬರು: ನನ್ನದು 18ರ ನಾಲ್ಕು ಕಡ್ಡಿಯ ಉಂಗುರ, ಆರು ವರ್ಷವಾಯಿತು, ಪಾತ್ರೆ ಬಟ್ಟೆ ಎಲ್ಲದರಲ್ಲೂ ಕೈಯಲ್ಲೇ ಇದೆ, ಹರಳು ಅಲುಗಿಲ್ಲ. ಕಡ್ಡಿಯನ್ನು ಅಷ್ಟು ಅನುಮಾನಿಸಬೇಕಿಲ್ಲವೆಂದು ನನಗನಿಸುತ್ತದೆ.

ತುಮಕೂರಿನ ಅಕ್ಕಸಾಲಿಗರು: 18ರಲ್ಲಿ ಆರು ವರ್ಷ ಬಂದದ್ದು ಸಹಜ, ಆದರೂ ಈ ಸಲ ಅಂಗಡಿಗೆ ಹೋದಾಗ ಕಡ್ಡಿಯ ತುದಿಗಳನ್ನು ಭೂತಗನ್ನಡಿಯಲ್ಲಿ ನೋಡಿಸಿ. ದುಂಡಗಿದ್ದ ತುದಿ ಚಪ್ಪಟೆಯಾಗಿದ್ದರೆ ಚಿನ್ನ ತುಂಬಿಸುವ ಸಮಯ ಬಂದಿದೆ.