ಓದುಗರ ಸ್ಪಂದನ: ಮದುವೆ ಊಟಕ್ಕೆ ಯಾರನ್ನು ಎಲ್ಲಿ ಕೂರಿಸುವುದು?

ಹಿಂದಿನ ಸಲ ಬಂದ ಸಮಸ್ಯೆ: ತಂಗಿಯ ಮದುವೆ ಮಂಡ್ಯದ ಛತ್ರದಲ್ಲಿ. ನಾವು ಒಕ್ಕಲಿಗರು, ಹುಡುಗನ ಕಡೆಯವರು ಜೈನರು. ಬೀಗರೂಟದ ಮಾತು ಬೇರೆ, ಮುಹೂರ್ತದ ದಿನ ಪೂರ್ತಿ ಸಸ್ಯಾಹಾರ, ಬಾಳೆ ಎಲೆ ಊಟ. ಒಟ್ಟು 340 ಜನ. ಒಂದು ಪಂಕ್ತಿಗೆ 120 ಎಲೆ, ಅಂದರೆ ಇಪ್ಪತ್ತರ ಆರು ಸಾಲು. ಗೆಡ್ಡೆ ತಿನ್ನದವರು ಇದ್ದಾರೆ, ಸಕ್ಕರೆ ಕಾಯಿಲೆಯವರು ಇದ್ದಾರೆ, ಚಿಕ್ಕಪ್ಪನ ಮೊಮ್ಮಗನಿಗೆ ಗೋಧಿ ಆಗುವುದಿಲ್ಲ. ಊಟದ ಪ್ರಕಾರ ಕೂರಿಸಿದರೆ ಮನೆಮಂದಿ ಚೆಲ್ಲಾಪಿಲ್ಲಿ, ಮನೆ ಪ್ರಕಾರ ಕೂರಿಸಿದರೆ ಬಡಿಸುವವರಿಗೆ ಗೊಂದಲ. ಪಟ್ಟಿ ಹೇಗೆ ಮಾಡಲಿ?

ಅಡುಗೆ ಕಾಂಟ್ರ್ಯಾಕ್ಟ್ ಮಾಡುವವರು, ತುಮಕೂರು

ಪಟ್ಟಿ ಆಮೇಲೆ, ಮೊದಲು ಮೆನು ತಿದ್ದಿ. ನಮ್ಮ ಎಲೆ ಊಟದಲ್ಲಿ ಗೆಡ್ಡೆ ಬರುವುದೇ ಕೆಲವು ಕಡೆ. ಹುಳಿಗೆ ಆಲೂಗಡ್ಡೆ ಬದಲು ಬೂದುಗುಂಬಳ ಹಾಕಿಸಿ. ಕೋಸಂಬರಿಗೆ ಕ್ಯಾರೆಟ್ ಬೇಡ, ಸೌತೆಕಾಯಿ ಸಾಕು. ಪಲ್ಯಕ್ಕೆ ಹುರುಳಿಕಾಯಿ. ಪಲಾವ್ ಇದ್ದರೆ ತೆಗೆದು ಚಿತ್ರಾನ್ನ ಮಾಡಿಸಿ, ಏಕೆಂದರೆ ಈರುಳ್ಳಿ ಬೆಳ್ಳುಳ್ಳಿ ಜಾಸ್ತಿ ನುಗ್ಗುವುದು ಅಲ್ಲೇ. ಹಸಿ ಶುಂಠಿ ಮಜ್ಜಿಗೆಗೂ ಹೋಗುತ್ತದೆ, ಅದನ್ನು ಭಟ್ಟರಿಗೆ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಅಭ್ಯಾಸದ ಮೇಲೆ ಜಜ್ಜಿ ಹಾಕಿಬಿಡುತ್ತಾರೆ. ಇಷ್ಟು ಮಾಡಿದರೆ ನಿಮ್ಮ ಕಡೆಯವರಿಗೆ ಯಾವ ಕೊರತೆಯೂ ಕಾಣುವುದಿಲ್ಲ, ಬೀಗರಿಗೆ ಬೇರೆ ಸಾಲೂ ಬೇಕಾಗುವುದಿಲ್ಲ. ಎರಡು ಹುಳಿ ಬೇಯಿಸಿ ಎರಡು ಬಕೆಟ್ ಓಡಾಡಿಸಿದರೆ ಅದಲುಬದಲು ಆಗೇ ಆಗುತ್ತದೆ.

ಜೈನ ಗೃಹಿಣಿ, ಮೂಡುಬಿದಿರೆ

ಮೇಲಿನವರ ಮಾತು ಸರಿ, ಒಂದು ಸೇರಿಸುತ್ತೇನೆ. ನಾವೆಲ್ಲರೂ ಒಂದೇ ಥರ ಇಲ್ಲ. ಕೆಲವರು ಎಲ್ಲಾ ದಿನವೂ ಗೆಡ್ಡೆ ಬಿಟ್ಟವರು, ಕೆಲವರು ಅಷ್ಟಮಿ ಚತುರ್ದಶಿಗೆ ಮಾತ್ರ. ಬದನೆಕಾಯಿ ಬಿಟ್ಟವರೂ ಇದ್ದಾರೆ, ಹಾಗಾಗಿ ಹುಳಿಗೆ ಅದನ್ನೂ ಹಾಕಿಸಬೇಡಿ. ಒಣ ಅರಿಶಿನ ನಮ್ಮಲ್ಲಿ ಬಹುತೇಕರು ಬಳಸುತ್ತೇವೆ. ಆದರೂ ಹುಡುಗನ ತಾಯಿಯನ್ನೇ ಒಮ್ಮೆ ಕೇಳಿ, ಇದನ್ನೆಲ್ಲ ಊಹಿಸಬಾರದು. ದಯವಿಟ್ಟು ‘ಜೈನರ ಸಾಲು’ ಅಂತ ಬೋರ್ಡ್ ಮಾತ್ರ ಹಾಕಬೇಡಿ. ಬೀಗರನ್ನು ಮೂಲೆಗೆ ಕೂರಿಸಿದರು ಅನ್ನುವ ಮಾತು ವರ್ಷಗಟ್ಟಲೆ ಉಳಿಯುತ್ತದೆ.

ಲೆಕ್ಕಪತ್ರ ನೋಡುವವರು, ಬೆಂಗಳೂರು

ಈಗ ಪಟ್ಟಿಗೆ ಬರೋಣ. ಮೊಬೈಲಿನ ಶೀಟೇ ಸಾಕು, ಐದು ಕಾಲಂ. A ಮನೆ, B ಊಟ, C ಜನ, D ಪಂಕ್ತಿ, E ಸಾಲು. ಒಂದು ಮನೆಗೆ ಒಂದೇ ಗೆರೆ ಅಂತ ಹಟ ಹಿಡಿಯಬೇಡಿ. ಚಿಕ್ಕಪ್ಪನ ಮನೆಯಲ್ಲಿ ಏಳು ಜನ ಅಂದುಕೊಳ್ಳಿ. ‘ಚಿಕ್ಕಪ್ಪ, ಸಾಮಾನ್ಯ, 6’ ಒಂದು ಗೆರೆ, ‘ಚಿಕ್ಕಪ್ಪ, ಗೋಧಿ ಬೇಡ, 1’ ಇನ್ನೊಂದು ಗೆರೆ. ಎರಡಕ್ಕೂ ಪಂಕ್ತಿ, ಸಾಲು ಒಂದೇ. ಮನೆಯೂ ಒಟ್ಟಿಗೆ ಉಳಿಯಿತು, ಊಟದ ಲೆಕ್ಕವೂ ಸಿಕ್ಕಿತು. ಮನೆ ಹೆಸರು ಚಂದ ಕಾಣಲಿ ಅಂತ ಎರಡು ಖಾನೆ ಮರ್ಜ್ ಮಾಡಬೇಡಿ, ಕೆಳಗಿನ ಗೆರೆ ಹೆಸರಿಲ್ಲದೆ ಉಳಿದು ಸಾರ್ಟ್ ಮಾಡಲು ಆಗುವುದಿಲ್ಲ.

ಮೊದಲ ಪಂಕ್ತಿಯಲ್ಲಿ ಗೋಧಿ ಬೇಡದವರು ಎಷ್ಟು ಅಂತ ತಿಳಿಯಲು:

```
=SUMIFS(C2:C150,B2:B150,"ಗೋಧಿ ಬೇಡ",D2:D150,1)
```

ಸುಮಾರು ಜನ ಇಲ್ಲಿ COUNTIFS ಹಾಕುತ್ತಾರೆ. ಅದು ಗೆರೆ ಎಣಿಸುತ್ತದೆ, ಜನರನ್ನಲ್ಲ. ಆರು ಜನರ ಮನೆ ಅಲ್ಲಿ ಒಂದು ಅಂತ ಬಂದುಬಿಡುತ್ತದೆ. ಇನ್ನೊಂದು ತೊಂದರೆ ಅಂದರೆ ಅಕ್ಕ ‘ಗೋಧಿ ಬೇಡ’ ಅಂತ ಬರೆದಿರುತ್ತಾರೆ, ಭಾವ ‘ಗೋದಿ ಬೇಡ’ ಅಂತ ಬರೆದಿರುತ್ತಾರೆ, ಸೂತ್ರಕ್ಕೆ ಅವೆರಡೂ ಬೇರೆ ಬೇರೆ. ಹಾಗಾಗಿ ಊಟದ ಕಾಲಂಗೆ ಡ್ರಾಪ್‌ಡೌನ್ ಇಡಿ. ಕೊನೆಗೆ ಎಲ್ಲ ಬಗೆಯ ಊಟ ಕೂಡಿಸಿದಾಗ 340 ಬರದಿದ್ದರೆ ಎಲ್ಲೋ ಒಂದು ಗೆರೆ ತಪ್ಪಿದೆ ಅಂತಲೇ ಅರ್ಥ.

ಮೂರು ಪಂಕ್ತಿಗೆ 360 ಎಲೆ, ನಿಮ್ಮ ಜನ 340. ಉಳಿದ 20 ಎಲೆಯನ್ನು ಮೂರನೇ ಪಂಕ್ತಿಗೇ ಬಿಡಬೇಡಿ, ಪ್ರತಿ ಪಂಕ್ತಿಯಲ್ಲೂ ಆರೇಳು ಖಾಲಿ ಇರಲಿ. ಕರೆದವರ ಜೊತೆ ಕರೆಯದವರು ಒಬ್ಬರಾದರೂ ಬಂದೇ ಬರುತ್ತಾರೆ, ಅಲ್ವಾ?

ಬಡಿಸಿ ಅಭ್ಯಾಸ ಇರುವವರು, ಮೈಸೂರು

ಬೆಂಗಳೂರಿನವರ ಪಟ್ಟಿಗೆ ಇನ್ನೊಂದು ಕಾಲಂ ಬೇಕು: ಸಾಲಿನಲ್ಲಿ ಎಷ್ಟನೇ ಎಲೆ. ಬಡಿಸುವ ಹುಡುಗ ಬಕೆಟ್ ಹಿಡಿದು ಒಂದೇ ಓಟದಲ್ಲಿ ಇಪ್ಪತ್ತು ಎಲೆ ಮುಗಿಸುತ್ತಾನೆ. ಹನ್ನೊಂದನೇ ಎಲೆಗೆ ಬಂದಾಗ ‘ಇವರಿಗೆ ಬೇಡ’ ಅನ್ನುವುದು ಅವನಿಗೆ ಎಲ್ಲಿ ನೆನಪಿರುತ್ತದೆ? ಬೇರೆ ಊಟದವರನ್ನು ಸಾಲಿನ ತುದಿಗೆ ಕೂರಿಸಿ, ಅದೂ ಅಡುಗೆಮನೆ ಕಡೆಯ ತುದಿಗೆ. ಅವರ ಪಕ್ಕದಿಂದ ಅವರ ಮನೆಯವರು ಶುರುವಾಗಲಿ. ಹೀಗೆ ಮಾಡಿದರೆ ಮನೆ ಒಡೆಯುವುದೂ ಇಲ್ಲ, ಹುಡುಗ ಎರಡನೇ ಎಲೆಯಿಂದ ಬಡಿಸಿಕೊಂಡು ಹೋಗಬಹುದು. ಮೊದಲ ಎಲೆಗೆ ಮನೆಯವರೇ ಒಬ್ಬರು ಬಡಿಸಲಿ. ಲೋಟದ ಕೆಳಗೆ ಹಸಿರು ಚೀಟಿ ಇಟ್ಟರೆ ಗುರುತು ಸಾಕು. ಪಟ್ಟಿಯ ಪ್ರಿಂಟ್ ಹಿಡಿದು ಕೂರಿಸಲು ಎರಡೂ ಕಡೆಯ ಮುಖ ಗೊತ್ತಿರುವ ಇಬ್ಬರು ಬಾಗಿಲಲ್ಲಿ ನಿಲ್ಲಬೇಕು. ಅವರಿಲ್ಲದಿದ್ದರೆ ಪಟ್ಟಿ ಸುಮ್ನೆ ಕಾಗದ.

ಮಗನಿಗೆ ಸೀಲಿಯಾಕ್ ಇರುವ ತಾಯಿ, ಹುಬ್ಬಳ್ಳಿ

ಗೋಧಿ ಆಗದ ಮಗು ಅಂದ ಕೂಡಲೇ ಎಲ್ಲರೂ ಹೋಳಿಗೆ, ಚಿರೋಟಿ, ಶಾವಿಗೆ ಪಾಯಸ ಬಿಟ್ಟರೆ ಆಯಿತು ಅಂದುಕೊಳ್ಳುತ್ತಾರೆ. ಅಪಾಯ ಇರುವುದು ಇಂಗಿನಲ್ಲಿ. ಅಂಗಡಿಯ ಡಬ್ಬಿ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟು ಅಥವಾ ಮೈದಾ ಸೇರಿಸಿರುತ್ತಾರೆ, ಡಬ್ಬಿ ತಿರುಗಿಸಿ ಓದಿ. ಅದು ಸಾರಿಗೆ, ಹುಳಿಗೆ, ಕೋಸಂಬರಿ ಒಗ್ಗರಣೆಗೆ, ಹಪ್ಪಳಕ್ಕೆ ಎಲ್ಲಕ್ಕೂ ಹೋಗುತ್ತದೆ. ಸೀಲಿಯಾಕ್ ಆಗಿದ್ದರೆ ‘ಒಂಚೂರು ತಿಂದರೆ ಏನಾಗಲ್ಲ’ ಅನ್ನುವ ಮಾತು ನಡೆಯುವುದಿಲ್ಲ. ಅನ್ನ, ಒಗ್ಗರಣೆ ಹಾಕುವ ಮುಂಚಿನ ತೊವ್ವೆ, ತುಪ್ಪ, ಮೊಸರು, ಹೆಸರುಬೇಳೆ ಪಾಯಸ, ಇಷ್ಟನ್ನು ಊಟ ಶುರುವಾಗುವ ಮೊದಲೇ ಬೇರೆ ಡಬ್ಬಿಗೆ ತೆಗೆದಿಡಿಸಿ. ಸೌಟೂ ಬೇರೆ ಇರಲಿ. ಪಾಯಸ ತೆಗೆಯುವಾಗ ಹೋಳಿಗೆ ಮುಟ್ಟಿದ ಕೈ ಬೇಡ. ಮಗುವಿನ ತಾಯಿಗೆ ಈ ಪಟ್ಟಿ ಮೊದಲೇ ಕಳಿಸಿ, ಅವರು ಎರಡು ಪ್ರಶ್ನೆ ಕೇಳುತ್ತಾರೆ. ಆ ಎರಡು ಪ್ರಶ್ನೆ ನಮ್ಮ ಯಾರಿಗೂ ಹೊಳೆದಿರುವುದಿಲ್ಲ.

ನರ್ಸ್, ದಾವಣಗೆರೆ

ಸಕ್ಕರೆ ಕಾಯಿಲೆಯವರಿಗೆ ಬೇರೆ ಸಾಲು ಬೇಡ, ಬೇರೆ ಅಡುಗೆಯೂ ಬೇಡ. ಸಿಹಿ ಬೇಡ ಅಂತ ಎಲೆ ಮೇಲೆ ಕೈ ಅಡ್ಡ ಹಿಡಿಯಲು ಅವರಿಗೆ ಬರುತ್ತದೆ. ಅವರ ವಿಷಯದಲ್ಲಿ ನೋಡಬೇಕಾದ್ದು ಹೊತ್ತು. ಇನ್ಸುಲಿನ್ ತಗೊಳ್ಳುವವರಿಗೆ, ಕೆಲವು ಮಾತ್ರೆ ನುಂಗುವವರಿಗೆ ಊಟ ತಡವಾದರೆ ಸಕ್ಕರೆ ಇಳಿದುಹೋಗುತ್ತದೆ. ಬೆವರು, ಕೈ ನಡುಕ, ಮಾತು ತೊದಲುವುದು, ಇವು ಅದರ ಲಕ್ಷಣ.

ಮನೆ ಪ್ರಕಾರ ಗುಂಪು ಮಾಡುವುದರ ತೊಂದರೆ ಇಲ್ಲೇ ಬರುತ್ತದೆ. ಮದುವೆ ಮನೆಯವರು ಕೊನೇ ಪಂಕ್ತಿಗೆ ಕೂರುವುದು ನಮ್ಮಲ್ಲಿ ರೂಢಿ. ಪಟ್ಟಿಯಲ್ಲಿ ‘ಹುಡುಗಿ ಮನೆ, ಪಂಕ್ತಿ 3’ ಅಂತ ಹಾಕಿದಿರಿ ಅಂದರೆ ನಿಮ್ಮ ಅಜ್ಜಿಯೂ ಅಲ್ಲೇ ಹೋದರು. ಒಂದು ಪಂಕ್ತಿ ಎದ್ದು, ಎಲೆ ತೆಗೆದು, ಒರೆಸಿ, ಮತ್ತೆ ಹಾಕಲು ಮುಕ್ಕಾಲು ಗಂಟೆ ಅಂದುಕೊಂಡರೂ ಹನ್ನೆರಡೂವರೆಗೆ ಶುರುವಾದ ಊಟದಲ್ಲಿ ಅವರ ಸರದಿ ಬರುವುದು ಎರಡು ಗಂಟೆಗೆ. ಮುಹೂರ್ತ ಎಳೆದರೆ ಇನ್ನೂ ತಡ. ಅಂಥವರನ್ನೆಲ್ಲ ಮನೆಯ ಗೆರೆಯಿಂದ ಬೇರೆ ತೆಗೆದು ಮೊದಲ ಪಂಕ್ತಿಗೆ ಹಾಕಿ, ಜೊತೆಗೆ ಮನೆಯವರೊಬ್ಬರು ಕೂರಲಿ. ‘ಮಕ್ಕಳ ಮದುವೆ, ನಾನು ಮೊದಲು ಉಣ್ಣಲ್ಲ’ ಅಂತ ಅಜ್ಜಿ ಹಟ ಮಾಡುತ್ತಾರೆ. ಬೀಗಿತ್ತಿಯಿಂದಲೇ ಕರೆಸಿ, ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ.