ಸಹಾಯ ಬೇಕು: 600 ಡಾಲರ್ ಬಿಲ್ಲಿನಲ್ಲಿ 833 ರೂಪಾಯಿ ಎಲ್ಲಿ ಸೋರಿತು?

ತೀರ್ಥಹಳ್ಳಿಯ ಮನೆಯಿಂದಲೇ ಅಮೆರಿಕದ ಗ್ರಾಹಕರೊಬ್ಬರಿಗೆ ಪುಟವಿನ್ಯಾಸ ಮಾಡಿಕೊಟ್ಟೆ. ಬಿಲ್ 600 ಡಾಲರ್. ಕೆಲಸ ಕೊಡಿಸಿದ ಜಾಲತಾಣ ಶೇ. 10ರಂತೆ 60 ಡಾಲರ್ ಹಿಡಿದುಕೊಂಡಿತು, ಹಣ ರವಾನೆಗೆ ಮತ್ತೆ 30. ಉಳಿದದ್ದು 510.

ಆ ದಿನ ಮಾರುಕಟ್ಟೆ ದರ 85 ರೂಪಾಯಿ ಇತ್ತು, ನಮ್ಮ ಬ್ಯಾಂಕು ಕೊಟ್ಟದ್ದು 83.50. ಈ ಒಂದೂವರೆ ರೂಪಾಯಿಯೇ 765 ರೂಪಾಯಿ ನುಂಗಿತು, ಆದರೆ ಯಾವ ಚೀಟಿಯಲ್ಲೂ ಅದು ಶುಲ್ಕವೆಂದು ಕಾಣುವುದಿಲ್ಲ. 510 ಡಾಲರಿಗೆ 42,585 ರೂಪಾಯಿ. ಅದರಲ್ಲಿ ಬ್ಯಾಂಕ್ ಶುಲ್ಕ 250, ಅದರ ಮೇಲೆ ಜಿಎಸ್‌ಟಿ 45. ವಿನಿಮಯದ ಮೇಲೂ ಜಿಎಸ್‌ಟಿ ಇದೆ: ಲಕ್ಷದೊಳಗಿನ ಮೊತ್ತವಾದರೆ ಅದರ ಶೇ. 1ಕ್ಕೆ ಶೇ. 18, ಅಂದರೆ ಸುಮಾರು 77 ರೂಪಾಯಿ. ಕೈಗೆ 42,213 ಬರಬೇಕಿತ್ತು. ಖಾತೆಗೆ ಬಂದದ್ದು 41,380.

ಕೊರತೆಯ 833ನ್ನು 83.50ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಹತ್ತು ಡಾಲರ್! ಹಾಗಾಗಿ ರೂಪಾಯಿಯಾಗುವ ಮೊದಲೇ, ದಾರಿಯಲ್ಲಿದ್ದ ಮಧ್ಯವರ್ತಿ ಬ್ಯಾಂಕು ಕಡಿದಿದೆ ಎಂದು ನನ್ನ ಅನುಮಾನ. ಮಂಡಿಯಲ್ಲಿ ಅಡಿಕೆ ಮಾರಿದರೆ ಹಮಾಲಿಯನ್ನಾದರೂ ಲೆಕ್ಕಚೀಟಿಯಲ್ಲಿ ಬರೆಯುತ್ತಾರೆ, ಇಲ್ಲಿ ಅದೂ ಇಲ್ಲ. ಶಾಖೆಯಲ್ಲಿ ಕೇಳಿದರೆ "ನಮಗೆ ಬಂದದ್ದೇ ಅಷ್ಟು" ಎಂದರು.

ಹಣ ರವಾನೆಗೆ ಬ್ಯಾಂಕುಗಳು ಒಂದಕ್ಕೊಂದು ಕಳುಹಿಸುವ ಸ್ವಿಫ್ಟ್ ಸಂದೇಶದ ಪ್ರತಿಯಲ್ಲಿ ದಾರಿಯ ಕಡಿತ ನಮೂದಾಗಿರುತ್ತದೆ ಎಂದು ಓದಿದ್ದೇನೆ. ಶಿವಮೊಗ್ಗ ಕಡೆಯ ಶಾಖೆಗಳಲ್ಲಿ ಆ ಪ್ರತಿಯನ್ನು ಯಾರಾದರೂ ಪಡೆದಿದ್ದೀರಾ? ಅರ್ಜಿಯಲ್ಲಿ ಏನೆಂದು ಬರೆದಿರಿ? ಶುಲ್ಕವೆಲ್ಲ ಕಳುಹಿಸುವವರದೇ ಆಗುವ OUR ಆಯ್ಕೆಗೆ ಜಾಲತಾಣದವರು ಒಪ್ಪುತ್ತಾರೆಯೇ? ಮುಂದಿನ ಬಿಲ್ ಸೋಮವಾರ ಕಳುಹಿಸಬೇಕು.